ಹೆಸರು ಸುದ್ದಿಯಾದಾಗ ತಂಡಕ್ಕೆ ತಿಳಿಯುವ ಏರ್ಪಾಡು

ಒಂದು ಉತ್ಪನ್ನದ ಹೆಸರು ಅಂತರ್ಜಾಲದಲ್ಲಿ ಹೊಸದಾಗಿ ಕಾಣಿಸಿಕೊಂಡಾಗ ಆ ಸುದ್ದಿ ತಾನಾಗಿಯೇ ತಂಡದ ಚಾಟ್‌ಗೆ ಬಂದು ಬೀಳಬೇಕಾದರೆ ಮೂರು ಕೊಂಡಿಗಳು ಸಾಕು. ಹುಡುಕಲು ಗೂಗಲ್ ಅಲರ್ಟ್ಸ್, ಹುಡುಕಿದ್ದನ್ನು ತರಲು ಆರ್‌ಎಸ್‌ಎಸ್ ಫೀಡ್, ತೋರಿಸಲು ಸ್ಲ್ಯಾಕ್ ಚಾನೆಲ್. ಇದಕ್ಕೆ ಹಣವೂ ಬೇಡ, ಪ್ರೋಗ್ರಾಮಿಂಗ್ ಜ್ಞಾನವೂ ಬೇಡ. ನಿಜವಾದ ಶ್ರಮ ಇರುವುದು ಯಾವ ಪದವನ್ನು ಹುಡುಕಬೇಕು ಎಂದು ನಿರ್ಧರಿಸುವುದರಲ್ಲಿ.

ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ಯನ್ನೇ ಉದಾಹರಣೆಯಾಗಿ ನೋಡಬಹುದು. ಬರೀ ‘ನಂದಿನಿ’ ಎಂದು ಕೊಟ್ಟರೆ ಆ ಹೆಸರಿನ ಹೆಣ್ಣುಮಕ್ಕಳ ಸುದ್ದಿ, ಬೆಂಗಳೂರಿನ ನಂದಿನಿ ಲೇಔಟ್‌ನ ಸುದ್ದಿ ಎಲ್ಲವೂ ಚಾನೆಲ್ ತುಂಬುತ್ತವೆ. ಆದ್ದರಿಂದ ಹೆಸರಿನ ಜೊತೆಗೆ ಅದರ ಸುತ್ತ ಸಹಜವಾಗಿ ಬರುವ ಪದಗಳನ್ನೂ ಸೇರಿಸಬೇಕು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ‘ನಂದಿನಿಯ’, ‘ಹಾಲಿನ’ ಎಂಬ ರೂಪಗಳು ಹುಡುಕಾಟದ ಕಣ್ಣಿಗೆ ಬೇರೆಯೇ ಪದಗಳಾಗಿ ಕಾಣಬಹುದು. ಹೆಚ್ಚು ಬಳಕೆಯಲ್ಲಿರುವ ರೂಪಗಳನ್ನು ಬಿಡಿಬಿಡಿಯಾಗಿ ಬರೆಯುವುದೇ ಸುರಕ್ಷಿತ:

```
"ನಂದಿನಿ" OR "ನಂದಿನಿಯ" ಹಾಲು OR ಹಾಲಿನ OR ತುಪ್ಪ OR ಕೆಎಂಎಫ್ -"ನಂದಿನಿ ಲೇಔಟ್"
```

ಇಲ್ಲಿ `OR` ದೊಡ್ಡಕ್ಷರದಲ್ಲೇ ಇರಬೇಕು. ಮೈನಸ್ ಚಿಹ್ನೆ ಮತ್ತು ಅದರ ಮುಂದಿನ ಪದದ ನಡುವೆ ಜಾಗ ಬಿಡಬಾರದು. ಇಂಗ್ಲಿಷ್ ಸುದ್ದಿಗೆ `Nandini milk OR ghee OR KMF` ಎಂಬ ಇನ್ನೊಂದು ಅಲರ್ಟ್ ಬೇಕು.

ಈ ಸಾಲನ್ನು google.com/alerts ಪುಟದಲ್ಲಿ ಬರೆದು `Show options` ಒತ್ತಿದರೆ ಆಯ್ಕೆಗಳು ತೆರೆದುಕೊಳ್ಳುತ್ತವೆ. `How many` ಎಂಬಲ್ಲಿ `All results` ಆರಿಸಬೇಕು. ‘ಉತ್ತಮ ಫಲಿತಾಂಶ ಮಾತ್ರ’ ಎಂದು ಬಿಟ್ಟರೆ ಸಣ್ಣ ಊರಿನ ಪತ್ರಿಕೆಯ ಸುದ್ದಿ ತಪ್ಪಿಹೋಗಬಹುದು. ಪ್ರದೇಶವನ್ನು ಭಾರತಕ್ಕೆ ಸೀಮಿತಗೊಳಿಸುವುದೂ ಒಳ್ಳೆಯದಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ನಂದಿನಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕನಾಗಿತ್ತು. ಅಂಥ ಸಂದರ್ಭದಲ್ಲಿ ಹೊರದೇಶದ ಪತ್ರಿಕೆಗಳು ಬರೆದದ್ದು ಭಾರತಕ್ಕೆ ಸೀಮಿತವಾದ ಅಲರ್ಟ್‌ಗೆ ಸಿಗುವುದು ಕಷ್ಟ. ಕೊನೆಯದಾಗಿ `Deliver to` ಎಂಬಲ್ಲಿ ಇಮೇಲ್ ಬದಲು `RSS feed` ಆರಿಸಿ ಅಲರ್ಟ್ ಸೃಷ್ಟಿಸಿದರೆ ಅದರ ಪಕ್ಕದಲ್ಲಿ ಫೀಡ್‌ನ ಗುರುತು ಮೂಡುತ್ತದೆ. ಅದರ ವಿಳಾಸವನ್ನು ನಕಲು ಮಾಡಿಕೊಳ್ಳಬೇಕು. ನಂತರ ಸ್ಲ್ಯಾಕ್‌ಗೆ ಆರ್‌ಎಸ್‌ಎಸ್ ಆ್ಯಪ್ ಸೇರಿಸಿ, ಬೇಕಾದ ಚಾನೆಲ್‌ನಲ್ಲಿ ಹೀಗೆ ಬರೆಯಬೇಕು:

```
/feed subscribe ಫೀಡ್‌ನ-ವಿಳಾಸ
```

`/feed list` ಎಂದರೆ ಆ ಚಾನೆಲ್‌ಗೆ ಜೋಡಿಸಿದ ಫೀಡ್‌ಗಳ ಪಟ್ಟಿ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಆ ಚಾನೆಲ್ ಅನ್ನು ಯಾರೂ ತೆರೆಯದಂತಾಗುತ್ತದೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುವುದಾಗಿ ಪ್ರಕಟಿಸಿದಾಗ ನಂದಿನಿಯ ಹೆಸರಿಲ್ಲದ ಪತ್ರಿಕೆಯೇ ಇರಲಿಲ್ಲ ಎನ್ನಬಹುದು. ಅಂಥ ದಿನ ಪ್ರತಿ ಸುದ್ದಿಗೂ ಫೋನ್ ಸದ್ದು ಮಾಡಿದರೆ ಯಾರಾದರೂ ಅದನ್ನು ಮ್ಯೂಟ್ ಮಾಡುತ್ತಾರೆ, ಮ್ಯೂಟ್ ಮಾಡಿದ್ದು ಮರೆತೂ ಹೋಗುತ್ತದೆ. ಹಾಗಾಗಿ ಎರಡು ಚಾನೆಲ್ ಇರಬೇಕು. ಸಾಮಾನ್ಯ ಸುದ್ದಿಯದಕ್ಕೆ ನೋಟಿಫಿಕೇಶನ್ ಬೇಡ, ಬೆಳಿಗ್ಗೆ ಒಮ್ಮೆ ಓದಿದರೆ ಸಾಕು. ತುರ್ತಿನ ಚಾನೆಲ್‌ಗೆ ಇನ್ನೊಂದು ಅಲರ್ಟ್ ಜೋಡಿಸಿ, ಪ್ರತಿ ಸಂದೇಶಕ್ಕೂ ನೋಟಿಫಿಕೇಶನ್ ಇಟ್ಟುಕೊಳ್ಳಬೇಕು:

```
"ನಂದಿನಿ" OR "ನಂದಿನಿಯ" ನಕಲಿ OR ಕಲಬೆರಕೆ
```

ಇದರಲ್ಲಿ ನಂದಿನಿ ಲೇಔಟ್‌ ಅನ್ನು ಹೊರಗಿಟ್ಟಿಲ್ಲ, ಬೇಕೆಂದೇ. ಆ ಬಡಾವಣೆಯ ಅಂಗಡಿಯೊಂದರಲ್ಲಿ ನಕಲಿ ತುಪ್ಪ ಸಿಕ್ಕಿತು ಎಂಬ ಸುದ್ದಿ ಬಂದರೆ ಮೊದಲ ಅಲರ್ಟ್ ಅದನ್ನು ಎಸೆದುಬಿಡುತ್ತದೆ. ತುರ್ತಿನ ವಿಷಯದಲ್ಲಿ ನಾಲ್ಕು ಬೇಡದ ಸಂದೇಶ ಬಂದರೂ ಚಿಂತೆಯಿಲ್ಲ, ಬೇಕಾದದ್ದು ಒಂದೂ ತಪ್ಪಬಾರದು.

ಇಡೀ ಏರ್ಪಾಡಿನಲ್ಲಿ ಪತ್ತೆಯಾಗಲು ಅತಿ ಕಷ್ಟವಾದ ದೋಷ ಮೌನ. ಎರಡು ದಿನ ಏನೂ ಬರಲಿಲ್ಲ ಎಂದರೆ ಸುದ್ದಿ ಇಲ್ಲವೋ ಫೀಡ್ ಕಡಿದಿದೆಯೋ ಎಂಬುದು ಚಾನೆಲ್ ನೋಡಿದರೆ ಗೊತ್ತಾಗದು. ಇದಕ್ಕೆ ಸುಲಭ ಉಪಾಯವಿದೆ. ದಿನವೂ ಸುದ್ದಿಯಾಗುವ ‘ಬೆಂಗಳೂರು ಹವಾಮಾನ’ದಂಥ ವಿಷಯಕ್ಕೆ ಪ್ರತ್ಯೇಕ ಅಲರ್ಟ್ ಮಾಡಿ ಪರೀಕ್ಷೆಗೆಂದೇ ಇರುವ ಚಾನೆಲ್‌ಗೆ ಜೋಡಿಸುವುದು. ಅಲ್ಲಿಯೂ ಸಂದೇಶ ನಿಂತಿದ್ದರೆ ತೊಂದರೆ ಇರುವುದು ಗೂಗಲ್‌ನಿಂದ ಸ್ಲ್ಯಾಕ್‌ವರೆಗಿನ ದಾರಿಯಲ್ಲಿ. ಅಲ್ಲಿ ಬರುತ್ತಿದ್ದು ಇಲ್ಲಿ ಬರದಿದ್ದರೆ ಹುಡುಕಾಟದ ಸಾಲನ್ನೋ ಆ ಫೀಡ್‌ನ ವಿಳಾಸವನ್ನೋ ಮತ್ತೊಮ್ಮೆ ನೋಡಬೇಕು.

ಗೂಗಲ್ ಸೂಚಿಯಲ್ಲಿ ಸೇರಿದ ಪುಟಗಳಷ್ಟೇ ಈ ಬಲೆಗೆ ಬೀಳುತ್ತವೆ, ಅದೂ ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ವಿಡಿಯೊ, ಖಾಸಗಿ ಫೇಸ್‌ಬುಕ್ ಪೋಸ್ಟ್‌ಗಳು ಇದಕ್ಕೆ ಕಾಣುವುದಿಲ್ಲ. ಹಾಲಿನ ಬಗ್ಗೆ ವದಂತಿ ಮೊದಲು ಹಬ್ಬುವುದು ಅಲ್ಲೇ ಆಗಿರಬಹುದಾದ್ದರಿಂದ, ಮಾರಾಟಗಾರರಿಂದ ಬರುವ ದೂರವಾಣಿ ಕರೆಗಳನ್ನೂ ಅದೇ ತುರ್ತು ಚಾನೆಲ್‌ನಲ್ಲಿ ಬರೆದಿಡಲು ಒಬ್ಬರನ್ನು ನೇಮಿಸಬೇಕು.