ಗದರಿದ ಮೇಲಿನ ಆ ಒಂದು ದಿನ

ಬೆಳಗ್ಗೆ ಎಂಟೂ ಕಾಲು. ಇನ್ನು ಹತ್ತು ನಿಮಿಷಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಮೂರೂವರೆ ವರ್ಷದ ಮಗಳು ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಗೆ ತೊಡಿಸಿ ಅದರ ಜೊತೆ ಮಾತಾಡುತ್ತಾ ಕೂತಿದ್ದಾಳೆ. ನಾಲ್ಕು ಸಲ ಹೇಳಿಯಾಗಿದೆ. ಐದನೇ ಸಲಕ್ಕೆ ಆ ಸಾಕ್ಸಿನ ಕೈ ತಗುಲಿ ಹಾಲಿನ ಲೋಟ ಉರುಳುತ್ತದೆ, ಇಸ್ತ್ರಿ ಮಾಡಿದ ಯೂನಿಫಾರಂ ತೊಯ್ದು ಹೋಗುತ್ತದೆ. ಅಮ್ಮ ಪಕ್ಕದ ಮನೆಗೂ ಕೇಳುವಂತೆ ಕೂಗುತ್ತಾಳೆ: "ಎಷ್ಟು ಸಲ ಹೇಳ್ಬೇಕು ನಿಂಗೆ? ಹೀಗೇ ಮಾಡ್ತಿರು, ನಿನ್ನ ಬಿಟ್ಟು ಎಲ್ಲಾದ್ರೂ ಹೋಗ್ಬಿಡ್ತೀನಿ!" ಮಗು ಒಂದು ಕ್ಷಣ ಕಣ್ಣರಳಿಸಿ ನಿಲ್ಲುತ್ತದೆ. ಆಮೇಲೆ ನಗುತ್ತದೆ. ಆ ನಗು ಅಮ್ಮನನ್ನು ಇನ್ನೂ ಕೆರಳಿಸುತ್ತದೆ.

ಈ ಮನೆ ನಮ್ಮ ಯಾವ ಊರಿನದಾದರೂ ಆಗಬಹುದು. ಅಮ್ಮನ ಜಾಗದಲ್ಲಿ ಅಪ್ಪನನ್ನೋ ಅಜ್ಜನನ್ನೋ ಇಟ್ಟರೂ ಕಥೆ ಬದಲಾಗುವುದಿಲ್ಲ. ಮೊದಲು ಆ ನಗುವಿನ ವಿಷಯ. ದೊಡ್ಡವರಿಗೆ ಅದು ಉಡಾಫೆಯಂತೆ ಕಾಣುತ್ತದೆ. ಆದರೆ ಈ ವಯಸ್ಸಿನ ಮಕ್ಕಳು ಹೆದರಿದಾಗ ಅಳುವುದಷ್ಟೇ ಅಲ್ಲ, ನಗುವುದೂ ಉಂಟು. ಕೇಳಿಸದವರ ಹಾಗೆ ಆಟ ಮುಂದುವರಿಸುವುದು, ಓಡಿಹೋಗಿ ಮಂಚದ ಕೆಳಗೆ ಸೇರಿಕೊಳ್ಳುವುದೂ ಇದೆ. ಎದುರಿಗಿರುವ ಮುಖವನ್ನು ಹೇಗಾದರೂ ಮಾಡಿ ಮೊದಲಿನ ಮುಖವಾಗಿಸಬೇಕು ಎಂಬುದಷ್ಟೇ ಆ ನಗುವಿನ ಉದ್ದೇಶವಾಗಿರಬಹುದು. ಸಾಕ್ಸ್, ವ್ಯಾನ್, ಯೂನಿಫಾರಂ ಇವುಗಳ ಲೆಕ್ಕ ಆ ಹೊತ್ತಿಗೆ ಮಗುವಿನ ತಲೆಗೆ ಹೋಗಿರುವುದೇ ಇಲ್ಲ. ಹೋಗಿರುವುದು ದನಿ, ಹುಬ್ಬು, ಮತ್ತು 'ಬಿಟ್ಟು ಹೋಗ್ತೀನಿ' ಎಂಬ ಮಾತು.

ಮಗು ವ್ಯಾನ್ ಹತ್ತಿ ಹೋಯಿತು. ಅಮ್ಮ ಕೆಲಸಕ್ಕೆ ಹೋದಳು. ಹನ್ನೊಂದು ಗಂಟೆಗೆ ಕುರ್ಚಿಯಲ್ಲಿ ಕೂತಿದ್ದಾಗ ಅವಳ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಇಲ್ಲಿಂದ ದಾರಿ ಎರಡಾಗುತ್ತದೆ. ಒಂದು, 'ಇವತ್ತು ನಾನು ಮಗುವಿನ ಮೇಲೆ ಹಾಗೆ ಕೂಗಬಾರದಿತ್ತು' ಎಂಬ ಪಶ್ಚಾತ್ತಾಪ. ಇನ್ನೊಂದು, 'ನಾನು ತಾಯಿಯಾಗಲಿಕ್ಕೇ ಲಾಯಕ್ಕಿಲ್ಲದವಳು' ಎಂಬ ನಾಚಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ಬರೆದ ಪುಸ್ತಕವೊಂದರಲ್ಲಿ ಇವೆರಡರ ಗೆರೆ ಎಳೆದರು. ಆಮೇಲೆ ಜೂನ್ ಟ್ಯಾಂಗ್ನಿ ಎಂಬವರು ವರ್ಷಗಟ್ಟಲೆ ಅದನ್ನು ಅಧ್ಯಯನ ಮಾಡಿದರು. ಅವರು ಕಂಡದ್ದು ಇಷ್ಟು: ಪಶ್ಚಾತ್ತಾಪ ಪಟ್ಟವರು ಕೆಟ್ಟದ್ದನ್ನು ಸರಿ ಮಾಡಲು ಹೊರಡುತ್ತಾರೆ. ನಾಚಿಕೆಯಲ್ಲಿ ಮುಳುಗಿದವರು ಅಡಗಿಕೊಳ್ಳುತ್ತಾರೆ, ಇಲ್ಲವೇ ಎದುರಿನವರ ಮೇಲೇ ತಪ್ಪು ಹೊರಿಸುತ್ತಾರೆ.

ಕಾರಣ ಸರಳ. ಪಶ್ಚಾತ್ತಾಪ ಪಡುವಾಗ ಕಣ್ಣು ಮಗುವಿನ ಮೇಲಿರುತ್ತದೆ, ನಾಚಿಕೆ ಪಡುವಾಗ ತನ್ನ ಮೇಲೆಯೇ. ನಾಚಿಕೆಪಟ್ಟುಕೊಂಡವರು ಒಳ್ಳೆಯ ತಂದೆತಾಯಿ ಎಂದು ನಾವು ನಂಬಿಕೊಂಡಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಅದು ಸಂಜೆಯ ಹೊತ್ತಿಗೆ ಯಾವ ವೇಷದಲ್ಲಿ ಮನೆಗೆ ಬರುತ್ತದೆ ಎಂಬುದನ್ನು ನೋಡಿದರೆ ಸಾಕು. ಒಂದು ಮನೆಯಲ್ಲಿ ಅದು ವಾದವಾಗಿ ಬರುತ್ತದೆ: "ನೀನು ಮಾತು ಕೇಳಿದ್ರೆ ನಾನ್ಯಾಕೆ ಕೂಗ್ತಿದ್ದೆ?" ಇನ್ನೊಂದರಲ್ಲಿ ಚಾಕೊಲೇಟಾಗಿ, ಮೊಬೈಲಾಗಿ, ನಡೆದದ್ದರ ಬಗ್ಗೆ ಒಂದು ಮಾತೂ ಇಲ್ಲದ ಲಂಚವಾಗಿ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಅಮ್ಮ ಮಗುವನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾಳೆ, "ನಾನು ಕೆಟ್ಟ ಅಮ್ಮ ಅಲ್ವಾ ಕಂದಾ?" ಎನ್ನುತ್ತಾಳೆ. ಮೂರೂವರೆ ವರ್ಷದ್ದು ತನ್ನ ಪುಟ್ಟ ಕೈಯಿಂದ ಅವಳ ಕಣ್ಣೊರೆಸಿ "ಇಲ್ಲ ಅಮ್ಮ, ನೀನು ಒಳ್ಳೇ ಅಮ್ಮ" ಅನ್ನುತ್ತದೆ. ನೋಡುವವರ ಕಣ್ಣು ತುಂಬಿ ಬರಬಹುದು. ಆದರೆ ಅಲ್ಲಿ ಪೆಟ್ಟು ತಿಂದವಳೇ ಸಮಾಧಾನ ಹೇಳುವ ಕೆಲಸಕ್ಕೂ ನಿಂತಿದ್ದಾಳೆ. ಅಳು ಬಂದರೆ ತಪ್ಪಲ್ಲ. ಅದನ್ನು ಒರೆಸುವ ಜವಾಬ್ದಾರಿ ಮಗುವಿಗೆ ಬೀಳಬಾರದು.

ಹಾಗಾದರೆ ಆದ ಬಿರುಕು ಮುಚ್ಚುತ್ತದೆಯೇ? ಇದಕ್ಕೆ ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗವನ್ನು ನೋಡಬೇಕು. ಕೆಲವು ತಿಂಗಳ ಕೂಸಿನ ಎದುರು ತಾಯಿ ಕೂತು ಎಂದಿನಂತೆ ಮುದ್ದಾಡುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕಲ್ಲಿನಂತೆ ಕೂರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಏನು ಮಾಡಿದರೂ ಮುಖ ಬದಲಾಗದಿದ್ದಾಗ ತಿರುಗಿಕೊಳ್ಳುತ್ತದೆ, ಅಳುತ್ತದೆ. ಇಷ್ಟು ಭಾಗ ಬಹಳ ಜನಕ್ಕೆ ಗೊತ್ತು. ನಮಗೆ ಬೇಕಾದದ್ದು ಮೂರನೆಯ ಭಾಗ. ತಾಯಿ ಮತ್ತೆ ನಕ್ಕು ಮಾತಾಡಿಸಿದಾಗ ಕೂಸು ಕೂಡಲೇ ಮೊದಲಿನಂತಾಗುವುದಿಲ್ಲ. ಹತ್ತಿರ ಬರಬೇಕೆನ್ನಿಸುತ್ತದೆ, ಮುನಿಸೂ ಇರುತ್ತದೆ. ಒಂದಿಷ್ಟು ಹೊತ್ತು ಮುಖ ತಿರುಗಿಸಿ, ಕೊಸರಾಡಿ, ಆಮೇಲೆ ಆಟಕ್ಕೆ ಇಳಿಯುತ್ತದೆ.

ಈ ಪ್ರಯೋಗ ಕೂಗಾಟದ ಕುರಿತಾದದ್ದಲ್ಲ ನಿಜ. ಆದರೆ ರಾಜಿಗೆ ಬಂದ ಅಮ್ಮನನ್ನು ಮಗು "ಹೋಗು, ನೀನು ಬೇಡ" ಎಂದು ತಳ್ಳುವುದೇಕೆ ಎಂಬುದಕ್ಕೆ ಇದು ಉತ್ತರ ಕೊಡುತ್ತದೆ. ಮಗು ಸಂಬಂಧ ಕಡಿದುಕೊಳ್ಳುತ್ತಿಲ್ಲ, ಮರಳಿ ಬರುತ್ತಿದೆ. ಟ್ರೋನಿಕ್ ಅವರೇ ತಾಯಿ-ಮಕ್ಕಳ ಸಾಮಾನ್ಯ ಒಡನಾಟವನ್ನೂ ಚಿತ್ರೀಕರಿಸಿ ನೋಡಿದ್ದರು. ಅನ್ಯೋನ್ಯವಾಗಿರುವ ಜೋಡಿಗಳಲ್ಲಿಯೂ ಇಬ್ಬರ ತಾಳ ಕೂಡಿಬರುವುದು ಶೇಕಡ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸೇರುವುದು. ಹೀಗೆ ಮತ್ತೆ ಮತ್ತೆ ಸೇರುವುದರಿಂದಲೇ ಕೂಸು 'ಕೆಟ್ಟದ್ದು ಸರಿಹೋಗುತ್ತದೆ' ಎಂಬ ನಂಬಿಕೆ ಕಲಿಯುತ್ತದೆ ಎಂದು ಅವರು ಹೇಳಿದರು.

ಈಗ ಆ ಮನೆಗೆ ವಾಪಸ್ ಹೋಗೋಣ, ಸಂಜೆ ಆರು ಗಂಟೆಗೆ. ಮಾತಿಗೆ ಮುಂಚೆ ಅಮ್ಮ ತಾನು ತಣ್ಣಗಾಗಿದ್ದೇನೆಯೇ ಎಂದು ನೋಡಿಕೊಳ್ಳಬೇಕು. ಉಸಿರು ನಿಧಾನವಾಗಿ ಹೊರಬಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಬೇಕಿದ್ದರೆ ಕಾಫಿ ಕುಡಿದೇ ಬರಲಿ. ಹಲ್ಲು ಕಚ್ಚಿಕೊಂಡು ಕೇಳಿದ ಕ್ಷಮೆಯನ್ನು ಮಗು ಕ್ಷಮೆ ಎಂದುಕೊಳ್ಳುವುದಿಲ್ಲ, ಎರಡನೇ ಸುತ್ತಿನ ಬೈಗುಳ ಎಂದುಕೊಳ್ಳುತ್ತದೆ. ಆಮೇಲೆ ನೆಲದ ಮೇಲೆ ಕೂತು, ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಬೇಕು: "ಪುಟ್ಟಿ, ಬೆಳಗ್ಗೆ ಹಾಲು ಚೆಲ್ತಲ್ಲ, ಆಗ ಅಮ್ಮ ಜೋರಾಗಿ ಕೂಗಿದೆ. ನಿಂಗೆ ಭಯ ಆಯ್ತು ಅಲ್ವಾ? ಹಾಗೆ ಕೂಗಿದ್ದು ಅಮ್ಮನ ತಪ್ಪು, ನಿನ್ನ ತಪ್ಪಲ್ಲ. ಬಿಟ್ಟು ಹೋಗ್ತೀನಿ ಅಂದಿದ್ದು ಸುಳ್ಳು. ಅಮ್ಮ ಎಲ್ಲಿಗೂ ಹೋಗಲ್ಲ. ಸಿಟ್ಟು ಬಂದಾಗ್ಲೂ ನಾನು ನಿನ್ನ ಅಮ್ಮಾನೇ."

ಇಲ್ಲಿ ಪ್ರತಿ ವಾಕ್ಯಕ್ಕೂ ಕೆಲಸವಿದೆ. ನಡೆದದ್ದನ್ನು ಹೆಸರಿಸದಿದ್ದರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ, ಮತ್ತು ಈ ವಯಸ್ಸಿನಲ್ಲಿ ಕಟ್ಟಿಕೊಳ್ಳುವ ಕಾರಣ ಸಾಮಾನ್ಯವಾಗಿ 'ನಾನು ಕೆಟ್ಟವಳು' ಎಂಬುದೇ. ಭಯವನ್ನು ಬಾಯಿಬಿಟ್ಟು ಹೇಳಿದರೆ ಒಳಗೆ ಆದದ್ದಕ್ಕೆ ಒಂದು ಹೆಸರು ಸಿಗುತ್ತದೆ. ಬಿಟ್ಟುಹೋಗುವ ಬೆದರಿಕೆಯನ್ನಂತೂ ಸ್ಪಷ್ಟವಾಗಿ ಹಿಂತೆಗೆದುಕೊಳ್ಳಲೇಬೇಕು. ಕೂಗಿದ ದನಿ ಮರೆತುಹೋಗಬಹುದು, ಆ ಮಾತನ್ನು ಮಗು ನಿಜವೆಂದೇ ನಂಬಿರುತ್ತದೆ. 'ಆದರೆ ನೀನೂ...' ಎಂದು ಬಾಲ ಸೇರಿಸಿದರೆ ಅಲ್ಲಿಯವರೆಗೆ ಹೇಳಿದ್ದೆಲ್ಲ ನೀರುಪಾಲು. ಸಾಕ್ಸ್ ಹಾಕಿಕೊಳ್ಳುವ ನಿಯಮ ಹಾಗೇ ಇರುತ್ತದೆ, ಅದನ್ನು ಕ್ಷಮೆಯ ಜೊತೆ ಕಲಸಬಾರದು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಮಾತಾಗಿ: "ನಾಳೆ ಸಾಕ್ಸ್ ಹಾಕ್ಕೊಂಡ ಮೇಲೆ ಹಾಲು ಕುಡಿಯೋಣ, ಆಯ್ತಾ?"

ನಮ್ಮ ಮನೆಗಳಲ್ಲಿ ದೊಡ್ಡವರು ಮಕ್ಕಳ ಹತ್ತಿರ ಕ್ಷಮೆ ಕೇಳುವ ರೂಢಿ ಇಲ್ಲ. ಬೈದವರು ರಾತ್ರಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಪ್ಪ ಹಾಕಿದ ಅನ್ನ ಕಲಸಿ ತುತ್ತು ಕೊಡುತ್ತಿದ್ದರು, ಅಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು. ಅದನ್ನು ಹಳೆಯ ಕಾಲದ್ದೆಂದು ಹೀಗಳೆಯಬೇಕಿಲ್ಲ. ಮಾತು ಬಾರದ ಕೂಸಿಗೆ ತೊಡೆ, ದನಿ, ತುತ್ತು ಇವೇ ಪೂರ್ತಿ ಕ್ಷಮೆ. ಮಾತು ಬಂದ ಮಗುವಿಗೆ ತುತ್ತಿನ ಜೊತೆ ಮೇಲಿನ ನಾಲ್ಕು ಮಾತೂ ಬೇಕು. ಮನೆಯಲ್ಲಿ ಅಜ್ಜಿ ಇದ್ದರೆ "ಬಾ ಬಂಗಾರ, ನಿಮ್ಮಮ್ಮಂಗೆ ಬುದ್ಧಿ ಇಲ್ಲ" ಎಂದು ಮಗುವನ್ನು ಎತ್ತಿಕೊಂಡು ಹೋಗುವುದೂ ನಡೆಯುತ್ತದೆ. ಎತ್ತಿಕೊಳ್ಳುವುದು ಸರಿಯೇ. ಆದರೆ ಅಮ್ಮ ಕಟ್ಟಬೇಕಾದ ಸೇತುವೆಯನ್ನು ಅಜ್ಜಿ ಕಟ್ಟಲಾರರು. "ಅಮ್ಮಂಗೆ ಸಿಟ್ಟು ಬಂತು, ಈಗ ಬರ್ತಾಳೆ ಇರು" ಎಂದು ಹೇಳಿದರೆ ಇಬ್ಬರಿಗೂ ಉಪಕಾರ.

ಮಗು ತಳ್ಳಿದರೆ? ಬಲವಂತವಾಗಿ ಅಪ್ಪಿಕೊಳ್ಳುವುದು ಬೇಡ. "ಸರಿ, ನಾನಿಲ್ಲೇ ಕೂತಿರ್ತೀನಿ" ಎಂದು ಹತ್ತಿರದಲ್ಲೇ ಬಟ್ಟೆ ಮಡಚುತ್ತಾ ಕೂತರಾಯಿತು. ರಾಜಿಯಾಗಿದೆ ಎಂದು ತಿಳಿಯುವುದು ಅಪ್ಪುಗೆಯಿಂದಲ್ಲ, ಮಗು ಮೊದಲಿನಂತೆ ಹಟ ಮಾಡಲು ಶುರು ಮಾಡುವುದರಿಂದ. ಮರುದಿನ ಗೊಂಬೆಯನ್ನು ಕೂರಿಸಿಕೊಂಡು "ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಅಮ್ಮನದೇ ದನಿಯಲ್ಲಿ ಗದರಿದರೆ ಗಾಬರಿಯಾಗಬೇಡಿ, ಮಕ್ಕಳು ಅನುಭವವನ್ನು ಅರಗಿಸಿಕೊಳ್ಳುವುದೇ ಹಾಗೆ. ಚಿಂತೆ ಮಾಡಬೇಕಾದದ್ದು ಮಗು ಅತಿಯಾಗಿ ವಿಧೇಯವಾದಾಗ. ಮಾತು ಮಾತಿಗೂ ಅಮ್ಮನ ಮುಖ ನೋಡುವುದು, ಚೆಲ್ಲಿದ್ದನ್ನು ಮುಚ್ಚಿಡುವುದು, ಕೈ ಎತ್ತಿದರೆ ಬೆಚ್ಚುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ವಾರಗಟ್ಟಲೆ ನಡೆದರೆ ಮಕ್ಕಳ ವೈದ್ಯರಿಗೆ ಒಮ್ಮೆ ಹೇಳಬೇಕು.

ರಾಜಿಗೂ ಮಿತಿಯಿದೆ. ದಿನಾ ಬೆಳಗ್ಗೆ ಕೂಗಿ ದಿನಾ ಸಂಜೆ ಕ್ಷಮೆ ಕೇಳಿದರೆ ಮಗು ಕಲಿಯುವುದು ಕ್ಷಮೆಗೆ ಬೆಲೆಯಿಲ್ಲ ಎಂಬುದನ್ನು. ಆಗ ನೋಡಬೇಕಾದದ್ದು ಕೂಗು ಬರುವ ಹೊತ್ತನ್ನು. ಈ ಮನೆಯಲ್ಲಿ ಅದು ಎಂಟರಿಂದ ಎಂಟೂವರೆ. ಯೂನಿಫಾರಂ ಹಾಕುವ ಮುಂಚೆ ಹಾಲು ಕುಡಿಸಿ, ರಾತ್ರಿಯೇ ಚೀಲ ತುಂಬಿಟ್ಟು, ಸಾಕ್ಸ್ ಹಾಕುವ ಕೆಲಸವನ್ನು ಅಪ್ಪ ವಹಿಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹಗಲಿಡೀ ದುಡಿದು ರಾತ್ರಿ ನಿದ್ದೆಗೆಟ್ಟವರಿಗೆ ತಾಳ್ಮೆಯ ಉಪದೇಶ ಮಾಡುವ ಬದಲು ಕೆಲಸ ಹಂಚಿಕೊಳ್ಳುವುದು ಮೇಲು.

ಅಷ್ಟು ಮಾಡಿಯೂ ಸಿಟ್ಟು ಹಿಡಿತಕ್ಕೆ ಸಿಗುತ್ತಿಲ್ಲ, ನಿದ್ದೆಯಿಲ್ಲ, ಅಳು ನಿಲ್ಲುತ್ತಿಲ್ಲ, ಕೈ ಮಗುವಿನ ಮೇಲೆ ಹೋಗುತ್ತಿದೆ ಅನ್ನಿಸಿದರೆ ಅದನ್ನು ನಾಚಿಕೆಯ ಮೂಟೆಗೆ ಸೇರಿಸಿ ಕಟ್ಟಿಡಬೇಡಿ. ಹೆರಿಗೆಯ ನಂತರದ ಖಿನ್ನತೆಯೂ ಹೀಗೆ ಸಿಟ್ಟಾಗಿಯೇ ಕಾಣಿಸಿಕೊಳ್ಳುವುದುಂಟು, ಅದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.