ಆಸ್ಪಿರಿನ್ ಹರಳಿನಲ್ಲಿ ನೇರಳೆ ಎಲ್ಲಿಂದ ಬಂತು?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪಠ್ಯದಲ್ಲಿ ಆಸ್ಪಿರಿನ್‌ಗೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ಸ್ಯಾಲಿಸಿಲಿಕ್ ಆಮ್ಲವನ್ನು ಅಸಿಟೈಲೀಕರಿಸಿದರೆ ಆಸ್ಪಿರಿನ್ ಸಿಗುತ್ತದೆ, ಅದು ನೋವು, ಉರಿಯೂತ, ಜ್ವರಗಳನ್ನು ತಗ್ಗಿಸುತ್ತದೆ. ಬೀದರ್, ಭಾಲ್ಕಿ, ಔರಾದ್‌ನ ವಿದ್ಯಾರ್ಥಿಗಳು ಈ ಸಾಲು ಓದಿಕೊಂಡೇ ಬಿ.ಎಸ್ಸಿ.ಗೋ ಬಿ.ಫಾರ್ಮಾಕ್ಕೋ ಹೋಗುತ್ತಾರೆ. ಮುಂದೆ ಅವರಲ್ಲಿ ಕೆಲವರು ಬೀದರ್ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಘಟಕಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಅಲ್ಲಿ ದಿನವೂ ಎದುರಾಗುವ ಪ್ರಶ್ನೆ, ಮಾಡಿದ ಸರಕು ಎಷ್ಟು ಶುದ್ಧ ಎಂಬುದು. ಆ ಪ್ರಶ್ನೆಯನ್ನು ಕಾಲೇಜಿನ ಲ್ಯಾಬ್‌ನಲ್ಲೇ, ಕೈಗೆಟಕುವ ಖರ್ಚಿನಲ್ಲಿ ಕಲಿಸಲು ಆಸ್ಪಿರಿನ್‌ಗಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಮಾಡುವ ವಿಧಾನ ಸರಳ. ಚೆನ್ನಾಗಿ ಒಣಗಿದ ಕೋನಿಕಲ್ ಫ್ಲಾಸ್ಕಿಗೆ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ ಹಾಕಿ, 5 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್ ಸುರಿದು, ನಾಲ್ಕೈದು ಹನಿ ಸಾಂದ್ರ ಗಂಧಕಾಮ್ಲ ಸೇರಿಸುತ್ತಾರೆ. 50ರಿಂದ 60 ಡಿಗ್ರಿ ಬಿಸಿಯ ನೀರಿನಲ್ಲಿ ಹದಿನೈದು ನಿಮಿಷ ಇಟ್ಟು ಆಗಾಗ ಅಲುಗಾಡಿಸಿದರೆ ಬಿಳಿ ಪುಡಿಯೆಲ್ಲ ಕರಗಿ ತಿಳಿಯಾಗುತ್ತದೆ. ಆಮೇಲೆ ತಣ್ಣೀರು ಸೇರಿಸಬೇಕು. ಮೊದಲ ಒಂದೆರಡು ಮಿ.ಲೀ. ಹನಿ ಹನಿಯಾಗಿಯೇ ಬೀಳಲಿ. ಮಿಕ್ಕ ಅನ್‌ಹೈಡ್ರೈಡ್ ನೀರಿನೊಂದಿಗೆ ಸೇರಿ ಕಾವೇರುತ್ತದೆ, ಕಣ್ಣು ಮೂಗು ಉರಿಸುವ ಆವಿ ಏಳುತ್ತದೆ. ಕನ್ನಡಕ ಹಾಕಿಕೊಂಡು, ಹೊಗೆ ಹೊರಹೋಗುವ ಕಪಾಟಿನಲ್ಲಿ ಮಾಡಬೇಕಾದ ಕೆಲಸವಿದು. ಕಾವು ಇಳಿದ ಮೇಲೆ ಒಟ್ಟು 20 ಮಿ.ಲೀ. ನೀರು ಹಾಕಿ ಐಸ್‌ನಲ್ಲಿಟ್ಟರೆ ಹರಳು ಕಟ್ಟುತ್ತದೆ. ಕಟ್ಟದಿದ್ದರೆ ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ಗೀರಬೇಕು. ಗೀರಿದ ಜಾಗದಿಂದಲೇ ಹರಳು ಹಬ್ಬತೊಡಗುತ್ತದೆ. ಕೊನೆಗೆ ಬುಕ್ನರ್ ಫನಲ್‌ನಲ್ಲಿ ಸೋಸಿ, ತೊಳೆದು, ಒಣಗಿಸುವುದು.

ಅಸಿಟಿಕ್ ಅನ್‌ಹೈಡ್ರೈಡ್ ತರಿಸುವುದು ಮಾತ್ರ ಅಷ್ಟು ಸಲೀಸಲ್ಲ. ಹೆರಾಯಿನ್ ತಯಾರಿಕೆಗೂ ಬಳಕೆಯಾಗುವುದರಿಂದ ಭಾರತದಲ್ಲಿ ಅದು 1993ರಿಂದಲೂ ಮಾದಕವಸ್ತು ಕಾನೂನಿನಡಿ ನಿಯಂತ್ರಿತ ರಾಸಾಯನಿಕ. ಹೀಗಾಗಿ ಪ್ರತಿ ಬಾಟಲಿಯ ಲೆಕ್ಕ ಸರಿಯಾಗಿರಬೇಕು, ಕಪಾಟಿಗೆ ಬೀಗವಿರಬೇಕು. ವರ್ಷಗಟ್ಟಲೆ ತೆರೆದು ಮುಚ್ಚಿದ ಬಾಟಲಿಯಿದ್ದರೆ ಇನ್ನೊಂದು ತೊಂದರೆ. ಗಾಳಿಯ ತೇವ ಹೀರಿ ಅದು ಸ್ವಲ್ಪ ಸ್ವಲ್ಪವೇ ಅಸಿಟಿಕ್ ಆಮ್ಲವಾಗಿರುತ್ತದೆ. ಅಂಥದ್ದನ್ನು ಬಳಸಿದರೆ ಕ್ರಿಯೆ ಅರ್ಧಕ್ಕೇ ನಿಲ್ಲಬಹುದು.

ಈಗ ಲೆಕ್ಕ. 138 ಗ್ರಾಂ ಸ್ಯಾಲಿಸಿಲಿಕ್ ಆಮ್ಲದಿಂದ 180 ಗ್ರಾಂ ಆಸ್ಪಿರಿನ್ ಬರಬೇಕು. ಅಂದರೆ 2 ಗ್ರಾಂಗೆ 2.61 ಗ್ರಾಂ. ಒಣಗಿಸಿ ತೂಗಿದಾಗ 2.1 ಗ್ರಾಂ ಬಂತೆಂದರೆ ಇಳುವರಿ ಶೇ 80. ಉಳಿದದ್ದು ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಬೀದರ್‌ನ ಬೇಸಿಗೆಯೂ ಉತ್ತರ ಹೇಳುತ್ತದೆ. ಒಂದು ಗ್ರಾಂ ಆಸ್ಪಿರಿನ್ ಕರಗಲು 25 ಡಿಗ್ರಿಯಲ್ಲಿ ಸುಮಾರು 300 ಮಿ.ಲೀ. ನೀರು ಬೇಕು, 37 ಡಿಗ್ರಿಯಲ್ಲಿ 100 ಮಿ.ಲೀ. ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ಬಿಸಿಯಾಗಿಯೇ ಇರುತ್ತದೆ. ಆ ನೀರು 20 ಮಿ.ಲೀ. ಸುರಿದು ಹರಳು ತೊಳೆದರೆ 200 ಮಿಲಿಗ್ರಾಂವರೆಗೆ ಆಸ್ಪಿರಿನ್ ಸೋಸಿದ ನೀರಿನ ಜೊತೆಗೇ ಹರಿದುಹೋಗಬಹುದು. ಐಸ್ ಸಿಗದ ದಿನ ಈ ಪ್ರಯೋಗ ಇಟ್ಟುಕೊಳ್ಳದಿರುವುದೇ ಲೇಸು.

ಇಳುವರಿ ಚೆನ್ನಾಗಿದ್ದ ಮಾತ್ರಕ್ಕೆ ಹರಳು ಶುದ್ಧವಾಗಿದೆ ಎನ್ನಲಾಗದು. ಕ್ರಿಯೆಗೆ ಸಿಕ್ಕದೆ ಉಳಿದ ಸ್ಯಾಲಿಸಿಲಿಕ್ ಆಮ್ಲವೂ ಬಿಳಿಯದೇ, ಅದೂ ಹರಳೇ. ಹೊಟ್ಟೆಗೆ ಉರಿ ತರುವ ಆ ಆಮ್ಲದ ಜಾಗದಲ್ಲಿ ಬಳಸಲೆಂದೇ ಜರ್ಮನಿಯ ಬೇಯರ್ ಕಂಪನಿಯಲ್ಲಿ 1897ರಲ್ಲಿ ಆಸ್ಪಿರಿನ್ನನ್ನು ಶುದ್ಧರೂಪದಲ್ಲಿ ತಯಾರಿಸಿದ್ದು. ಹರಳಿನಲ್ಲಿ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆಯೇ ಎಂದು ಹೇಳುವುದು ಫೆರಿಕ್ ಕ್ಲೋರೈಡ್.

ಸ್ಯಾಲಿಸಿಲಿಕ್ ಆಮ್ಲದ ಅಣುವಿನಲ್ಲಿ ಫೀನಾಲ್ ಗುಂಪೂ ಆಮ್ಲದ ಗುಂಪೂ ಅಕ್ಕಪಕ್ಕದಲ್ಲೇ ಇವೆ. ಫೆರಿಕ್ ಕಬ್ಬಿಣದ ಅಯಾನನ್ನು ಅವೆರಡೂ ಸೇರಿ ಇಕ್ಕಳದಂತೆ ಹಿಡಿಯುತ್ತವೆ. ಹಾಗೆ ಕಟ್ಟಿಕೊಂಡ ಸಂಕೀರ್ಣ ಹಸಿರು ಬೆಳಕನ್ನು ಹೀರಿ ಕಣ್ಣಿಗೆ ನೇರಳೆಯಾಗಿ ಕಾಣುತ್ತದೆ. ಆಸ್ಪಿರಿನ್‌ನಲ್ಲಿ ಫೀನಾಲ್ ಗುಂಪಿನ ಮೇಲೆ ಅಸಿಟೈಲ್ ಕೂತಿರುವುದರಿಂದ ಆ ಹಿಡಿತ ಸಾಧ್ಯವಿಲ್ಲ. ಫೆರಿಕ್ ಕ್ಲೋರೈಡಿನ ತೆಳು ಹಳದಿಯಷ್ಟೇ ಉಳಿಯುತ್ತದೆ. ಚಿಟಿಕೆ ಹರಳನ್ನು ಒಂದು ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿ, ಶೇ 1ರ ಫೆರಿಕ್ ಕ್ಲೋರೈಡ್ ಒಂದೆರಡು ಹನಿ ಹಾಕಿದರೆ ತೀರ್ಪು ಬಂದುಬಿಡುತ್ತದೆ. ‘ಸರ, ನೇರಳಿ ಬಂತ್ರಿ’ ಎಂದು ಹುಡುಗರು ಟ್ಯೂಬ್ ಎತ್ತಿ ತೋರಿಸುತ್ತಾರೆ. ರೆಕಾರ್ಡ್ ಪುಸ್ತಕದಲ್ಲಿ ‘ಅಶುದ್ಧ’ ಎಂದು ಬರೆದು ಮುಗಿಸುವುದು ವಾಡಿಕೆ. ಆದರೆ ನಿಜವಾದ ಕೆಲಸ ಅಲ್ಲಿಂದ ಶುರುವಾಗಬೇಕು. ಆ ನೇರಳೆಗೆ ಕಾರಣ ಒಂದೇ ಇರುವುದಿಲ್ಲ.

ಮೊದಲು ನೀರನ್ನೇ ಅನುಮಾನಿಸಬೇಕು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ಕೋಟೆಯ ಕಂದಕಗಳನ್ನು ಕಡಿದಿರುವುದೂ ನೌಬಾದ್‌ನ ಸುರಂಗ ಬಾವಿ ಕೊರೆದಿರುವುದೂ ಅದೇ ಕೆಂಪು ಕಲ್ಲಿನಲ್ಲಿ. ಆ ಕೆಂಪೆಲ್ಲ ಕಬ್ಬಿಣದ ಆಕ್ಸೈಡ್. ಯಾವ ಬೋರ್‌ವೆಲ್ ಕಬ್ಬಿಣ ಬೆರೆತ ನೀರು ಕೊಡುತ್ತದೋ, ಯಾವ ಕಟ್ಟಡದ ಪೈಪು ತುಕ್ಕು ಹಿಡಿದಿದೆಯೋ, ಅಲ್ಲಿಯ ನಲ್ಲಿನೀರಿನಲ್ಲಿ ತೊಳೆದ ಹರಳಿಗೆ ಫೆರಿಕ್ ಕ್ಲೋರೈಡ್ ಹಾಕುವ ಮೊದಲೇ ನಸುಗುಲಾಬಿ ಛಾಯೆ ಬಂದಿರಬಹುದು. ಇದ್ದ ಅತ್ಯಲ್ಪ ಸ್ಯಾಲಿಸಿಲಿಕ್ ಆಮ್ಲಕ್ಕೆ ನೀರಿನ ಕಬ್ಬಿಣವೇ ಬಣ್ಣ ಕೊಟ್ಟಿರುತ್ತದೆ. ಪತ್ತೆ ಹಚ್ಚುವುದು ಸುಲಭ. ಹರಳನ್ನು ಎಥನಾಲ್‌ನಲ್ಲಿ ಕರಗಿಸಿ, ಏನೂ ಬೆರೆಸದೆ ಬಿಳಿ ಕಾಗದದ ಮುಂದೆ ಹಿಡಿದು ನೋಡಬೇಕು. ಆಗಲೇ ಗುಲಾಬಿ ಕಂಡರೆ ಕಬ್ಬಿಣ ಹೊರಗಿನಿಂದ ಬಂದಿದೆ ಎಂದರ್ಥ.

ಭಾಲ್ಕಿ, ಔರಾದ್ ಕಡೆ ಹೆಚ್ಚಾಗಿ ಎರೆಭೂಮಿ, ಕೆಳಗೆ ಕಪ್ಪುಕಲ್ಲು. ಅಲ್ಲಿ ಕಾಡುವುದು ಗಡಸು ನೀರು. ಬೈಕಾರ್ಬೊನೇಟ್ ತುಂಬಿದ ನೀರಿನಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ ಮಾಡಿಟ್ಟರೆ ಅದು ಕದಡಿ, ತುಕ್ಕಿನ ಬಣ್ಣದ ಗಸಿ ಇಳಿಯುತ್ತದೆ. ಆಮೇಲೆ ಅದರಿಂದ ನೇರಳೆ ಸರಿಯಾಗಿ ಮೂಡುವುದಿಲ್ಲ, ಅಶುದ್ಧ ಹರಳೂ ಶುದ್ಧವೆಂದು ತೇರ್ಗಡೆಯಾಗುತ್ತದೆ. ಆಮ್ಲ ಹೆಚ್ಚಾದರೂ ಕಥೆ ಅದೇ. ಗಂಧಕಾಮ್ಲ ಪೂರ್ತಿ ತೊಳೆದುಹೋಗದ ಹರಳಿನಲ್ಲಿ ಬಣ್ಣ ಮಂಕಾಗುತ್ತದೆ. ಹೀಗಾಗಿ ಪರೀಕ್ಷೆಗೆ ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ಜೊತೆಗೆ ಇನ್ನೆರಡು ಟ್ಯೂಬ್ ಇರಲಿ, ಒಂದರಲ್ಲಿ ಬರೀ ಎಥನಾಲ್, ಇನ್ನೊಂದರಲ್ಲಿ ಸ್ಯಾಲಿಸಿಲಿಕ್ ಆಮ್ಲ. ಎರಡಕ್ಕೂ ಅದೇ ಫೆರಿಕ್ ಕ್ಲೋರೈಡ್ ಹಾಕಿ. ಮೊದಲನೆಯದು ಹಳದಿಯಾಗಿಯೇ ಉಳಿದು ಎರಡನೆಯದು ಕಡುನೇರಳೆಯಾದರೆ ಮಾತ್ರ ಮೂರನೆಯ ಟ್ಯೂಬಿನ ಮಾತು ನಂಬಬಹುದು.

ನೀರು ನಿರ್ದೋಷಿ ಎಂದಾದರೆ ಉಳಿಯುವುದು ಎರಡು ಸಾಧ್ಯತೆ. ಒಂದೋ ಕ್ರಿಯೆ ಪೂರ್ತಿಯಾಗಿಲ್ಲ, ಇಲ್ಲವೇ ಪೂರ್ತಿಯಾಗಿದ್ದ ಆಸ್ಪಿರಿನ್ ಮತ್ತೆ ಒಡೆದಿದೆ. ಇವನ್ನು ಬೇರ್ಪಡಿಸಲು ಹರಳನ್ನು ಮರುಹರಳುಗಟ್ಟಿಸಬೇಕು. 2 ಗ್ರಾಂ ಹರಳನ್ನು ಆರೇಳು ಮಿ.ಲೀ. ಬೆಚ್ಚಗಿನ ಎಥನಾಲ್‌ನಲ್ಲಿ ಕರಗಿಸಿ, 20 ಮಿ.ಲೀ. ಬೆಚ್ಚಗಿನ ನೀರಿಗೆ ಸುರಿದು, ಅಲುಗಿಸದೆ ತಣಿಯಲು ಬಿಟ್ಟರೆ ಸೂಜಿಯಂಥ ಹರಳು ಇಳಿಯುತ್ತದೆ. ಕುದಿಸಬಾರದು. ಕುದಿವ ನೀರಿನಲ್ಲಿ ಆಸ್ಪಿರಿನ್ ಒಡೆದು ಮತ್ತೆ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಶುದ್ಧ ಮಾಡಲು ಹೋಗಿ ಕೊಳೆ ಸೇರಿಸಿದಂತೆ. ಮರುಹರಳುಗಟ್ಟಿಸಿದ್ದನ್ನು ಪರೀಕ್ಷಿಸಿದಾಗ ನೇರಳೆ ಮಾಯವಾಗಿದ್ದರೆ ಅಶುದ್ಧಿ ತೊಲಗಿತು. ಅದೇ ಹರಳನ್ನು ಮಳೆಗಾಲದಲ್ಲಿ ಬಾಯಿ ಸಡಿಲವಾದ ಬಾಟಲಿಯಲ್ಲಿಟ್ಟು ಕೆಲವು ವಾರ ಬಿಟ್ಟು ನೋಡಿದಾಗ ನೇರಳೆ ಮರಳಿ ಬಂದಿದ್ದರೆ, ಮುಚ್ಚಳ ತೆರೆದಾಗ ವಿನಿಗರ್ ವಾಸನೆ ಹೊಡೆದರೆ, ತೇವಕ್ಕೆ ಆಸ್ಪಿರಿನ್ ಒಡೆದಿದೆ ಎಂದು ನಿಸ್ಸಂಶಯವಾಗಿ ಹೇಳಬಹುದು. ಮನೆಯ ಡಬ್ಬಿಯಲ್ಲಿ ಬಹುಕಾಲದಿಂದ ಬಿದ್ದಿರುವ ಆಸ್ಪಿರಿನ್ ಮಾತ್ರೆಗೆ ಹುಳಿವಾಸನೆ ಬರುವುದೂ ಇದರಿಂದಲೇ. ಟ್ಯೂಬನ್ನು ನೋಡುವ ಹೊತ್ತೂ ಮುಖ್ಯ. ಫೆರಿಕ್ ಕ್ಲೋರೈಡ್ ಹಾಕಿದ ಕೂಡಲೇ ಬಣ್ಣ ಬರೆದುಕೊಳ್ಳಬೇಕು. ಊಟ ಮುಗಿಸಿ ಬಂದು ನೋಡಿದರೆ ಶುದ್ಧ ಆಸ್ಪಿರಿನ್ ಟ್ಯೂಬೂ ನಸುನೇರಳೆಯಾಗಿರಬಹುದು.

ಬಣ್ಣ ಬಂತು, ಬರಲಿಲ್ಲ ಎಂಬಲ್ಲಿಗೇ ನಿಲ್ಲದೆ ‘ಎಷ್ಟು’ ಎಂಬುದನ್ನೂ ಅಂದಾಜಿಸಬಹುದು. ಇದಕ್ಕೆ ದುಬಾರಿ ಉಪಕರಣ ಬೇಡ, 50 ಮಿ.ಲೀ.ನ ನೆಸ್ಲರ್ ಟ್ಯೂಬುಗಳು ಸಾಕು. 50 ಮಿಲಿಗ್ರಾಂ ಸ್ಯಾಲಿಸಿಲಿಕ್ ಆಮ್ಲವನ್ನು ಸ್ವಲ್ಪ ಎಥನಾಲ್‌ನಲ್ಲಿ ಕರಗಿಸಿ ನೀರು ಸೇರಿಸಿ 500 ಮಿ.ಲೀ. ಮಾಡಿಟ್ಟುಕೊಳ್ಳಿ. ಒಂದು ಟ್ಯೂಬಿಗೆ ಅದರ 5 ಮಿ.ಲೀ., ಇನ್ನೊಂದಕ್ಕೆ 0.5 ಮಿ.ಲೀ. ಹಾಕಿ. ಮೂರನೆಯದಕ್ಕೆ 5 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿದ 50 ಮಿಲಿಗ್ರಾಂ ಆಸ್ಪಿರಿನ್. ಮೊದಲ ಎರಡಕ್ಕೂ ಅಷ್ಟೇ ಎಥನಾಲ್ ಸೇರಿಸಿ, ಎಲ್ಲವನ್ನೂ ನೀರಿನಿಂದ 50 ಮಿ.ಲೀ. ಗುರುತಿಗೆ ತಂದು, ಒಂದೇ ಹೊತ್ತಿಗೆ ಒಂದೇ ಅಳತೆಯ ಫೆರಿಕ್ ಕ್ಲೋರೈಡ್ ಹಾಕಿ. ಮೊದಲ ಟ್ಯೂಬಿನ ಬಣ್ಣ ಶೇ 1 ಸ್ಯಾಲಿಸಿಲಿಕ್ ಆಮ್ಲಕ್ಕೆ ಸಮ, ಎರಡನೆಯದು ಶೇ 0.1ಕ್ಕೆ. ಟ್ಯೂಬುಗಳನ್ನು ಬಿಳಿ ಹಾಳೆಯ ಮೇಲೆ ನಿಲ್ಲಿಸಿ, ಪಕ್ಕದಿಂದಲ್ಲ, ಮೇಲಿನಿಂದ ಬಗ್ಗಿ ನೋಡಬೇಕು. ಇಡೀ ನೀರಿನ ಆಳ ಕಣ್ಣಿಗೆ ಸಿಗುವುದರಿಂದ ಪಕ್ಕದಿಂದ ಕಾಣದ ಛಾಯೆಯೂ ಮೇಲಿನಿಂದ ಕಾಣುತ್ತದೆ. ಆಸ್ಪಿರಿನ್ ಟ್ಯೂಬಿನ ಬಣ್ಣ ಆ ಎರಡರ ನಡುವೆ ಬಂದರೆ ಅಶುದ್ಧಿ ಶೇ 0.1ರಿಂದ 1ರೊಳಗೆ. ಅಮೆರಿಕದ ಔಷಧ ಸಂಹಿತೆ ಆಸ್ಪಿರಿನ್ ಪುಡಿಗೆ ಹಾಕಿದ ಮಿತಿ ಶೇ 0.1. ಮರುಹರಳುಗಟ್ಟಿಸದ ಲ್ಯಾಬ್ ಆಸ್ಪಿರಿನ್ ಆ ಗಡಿ ದಾಟುವುದು ಅಪರೂಪವಲ್ಲ. ಆ ಮಿತಿಯೊಳಗೆ ಬಂದ ಸರಕನ್ನೂ ಯಾರೂ ಬಾಯಿಗೆ ಹಾಕಿಕೊಳ್ಳಬಾರದು, ಅದು ಲ್ಯಾಬಿನ ಆಮ್ಲ, ಲ್ಯಾಬಿನ ಗಾಜು ಮುಟ್ಟಿ ಬಂದದ್ದು.

ಈ ಪರೀಕ್ಷೆ ಕಾಣುವುದು ಫೀನಾಲನ್ನು ಮಾತ್ರ. ಹರಳಿನಲ್ಲಿ ಅಸಿಟಿಕ್ ಆಮ್ಲ ಉಳಿದಿದ್ದರೆ, ನೀರಿನಂಶ ಇದ್ದರೆ, ಬಿಸಿ ಹೆಚ್ಚಾಗಿ ಸ್ಯಾಲಿಸಿಲಿಕ್ ಆಮ್ಲದ ಅಣುಗಳು ಒಂದಕ್ಕೊಂದು ಕೊಂಡಿ ಬೆಸೆದು ಜಿಗುಟು ಉತ್ಪನ್ನವಾಗಿದ್ದರೆ, ನೇರಳೆ ಇವುಗಳ ಸುದ್ದಿ ಹೇಳುವುದೇ ಇಲ್ಲ. ಅದಕ್ಕೆ ಕರಗುವ ಬಿಂದು ನೋಡಬೇಕು. ಶುದ್ಧ ಆಸ್ಪಿರಿನ್ ಸುಮಾರು 135 ಡಿಗ್ರಿಯಲ್ಲಿ ಕರಗುತ್ತದೆ. ಕ್ಯಾಪಿಲರಿಯಲ್ಲಿ ಹರಳು 122ಕ್ಕೇ ಮೆತ್ತಗಾಗಿ 130ರವರೆಗೆ ಎಳೆದಾಡಿದರೆ ಏನೋ ಬೆರೆತಿದೆ. ನಿಧಾನವಾಗಿ ಕಾಯಿಸುತ್ತ ಹೋದರೂ ಆಸ್ಪಿರಿನ್ ಒಡೆದು ಬಿಂದು ಕೆಳಗಿಳಿಯುತ್ತದೆ. ಆದ್ದರಿಂದ 120ರವರೆಗೆ ಬೇಗ ಕಾಯಿಸಿ, ಹರಳನ್ನು ಆಗ ಒಳಗಿಟ್ಟು, ಅಲ್ಲಿಂದ ಮುಂದೆ ಥರ್ಮಾಮೀಟರ್ ಮೇಲೆ ಕಣ್ಣಿಡಬೇಕು. ರೆಕಾರ್ಡ್ ಪುಸ್ತಕದಲ್ಲಿ ‘ಶುದ್ಧ’ ಎಂಬ ಒಂದೇ ಪದ ಇರುವ ಜಾಗದಲ್ಲಿ ಬಣ್ಣ, ನೋಡಿದ ಹೊತ್ತು, ಬಳಸಿದ ನೀರು, ಕರಗಿದ ಬಿಂದು, ಈ ನಾಲ್ಕನ್ನೂ ಬರೆಸಿದರೆ ಪರೀಕ್ಷಕರು ಹರಳನ್ನು ನೋಡದೆಯೇ ಅದು ಎಲ್ಲಿ ಕೆಟ್ಟಿತು ಎಂದು ಓದಿ ಹೇಳಬಲ್ಲರು.