ಒಂದೆಡೆ ಸಾಲ, ಇನ್ನೊಂದೆಡೆ ಷೇರು

ಸಾಲಕ್ಕೆ ಕೊಡುವ ಬಡ್ಡಿಯನ್ನು ಕಂಪನಿ ಖರ್ಚೆಂದು ತೋರಿಸಿ ಲಾಭದಿಂದ ಕಳೆಯಬಹುದು. ಷೇರಿನ ಡಿವಿಡೆಂಡಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಬದಲಿಗೆ, ಅಂಗಸಂಸ್ಥೆಯಿಂದ ಡಿವಿಡೆಂಡ್ ಪಡೆಯುವ ಮಾತೃಸಂಸ್ಥೆಗೆ ಅನೇಕ ದೇಶಗಳು ತೆರಿಗೆ ವಿನಾಯಿತಿ ಕೊಡುತ್ತವೆ. ಒಂದೇ ಪತ್ರವನ್ನು ಎರಡು ದೇಶಗಳು ಬೇರೆ ಬೇರೆಯಾಗಿ ಓದಿದಾಗ ಎರಡು ಲಾಭವೂ ಒಟ್ಟಿಗೆ ಸಿಗುತ್ತವೆ. ಇದೇ ಹೈಬ್ರಿಡ್ ಮಿಸ್‌ಮ್ಯಾಚ್.

ಆಸ್ಟ್ರೇಲಿಯಾದ ಅಂಗಸಂಸ್ಥೆಯೊಂದು ನೆದರ್ಲೆಂಡ್ಸಿನ ಮಾತೃಸಂಸ್ಥೆಗೆ 10 ಕೋಟಿ ಡಾಲರಿನ ಆದ್ಯತಾ ಷೇರು ಕೊಟ್ಟಿದೆ ಎಂದುಕೊಳ್ಳೋಣ. ನಿಗದಿತ ದಿನ ಅಸಲು ಮರಳಬೇಕು, ವರ್ಷಕ್ಕೆ ಶೇ. 8 ಡಿವಿಡೆಂಡ್ ಕೊಡಲೇಬೇಕು. ಆಸ್ಟ್ರೇಲಿಯಾದ ಕಾನೂನು ಹೆಸರಿಗಿಂತ ಮರುಪಾವತಿಯ ಬಾಧ್ಯತೆಯನ್ನು ನೋಡಿ ಇದನ್ನು ಸಾಲವೆನ್ನುತ್ತದೆ. 80 ಲಕ್ಷ ಡಾಲರ್ ಖರ್ಚಾಗಿ ಕಳೆದು, ಶೇ. 30ರ ದರದಲ್ಲಿ 24 ಲಕ್ಷ ಡಾಲರ್ ತೆರಿಗೆ ಉಳಿಯುತ್ತದೆ. ಡಚ್ ಕಾನೂನು ಕಾನೂನಾತ್ಮಕ ರೂಪಕ್ಕೆ ಮನ್ನಣೆ ಕೊಟ್ಟು ಷೇರೆಂದೇ ಎಣಿಸುತ್ತಿತ್ತು. ಅಲ್ಲಿ ಆ ಹಣಕ್ಕೆ ತೆರಿಗೆಯಿರಲಿಲ್ಲ. ಇಂಥ ಆಸ್ಟ್ರೇಲಿಯನ್ ಷೇರುಗಳಿಗೆ ವಿನಾಯಿತಿ ಸಲ್ಲುತ್ತದೆಂದು ಡಚ್ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಯಾವ ದೇಶದ ಕಾನೂನೂ ಮುರಿದಿರಲಿಲ್ಲ, ತೊಡಕು ಇದ್ದುದೇ ಅಲ್ಲಿ.

2015ರ ಒಇಸಿಡಿ ವರದಿ ಪರಿಹಾರವನ್ನು ಎರಡೂ ಕಾನೂನುಗಳ ಜೋಡಣೆಯಲ್ಲಿ ಹುಡುಕಿತು: ಕೊಡುವವರ ದೇಶದಲ್ಲಿ ಕಳೆಯಲಾಗುವ ಡಿವಿಡೆಂಡಿಗೆ ಪಡೆಯುವವರ ದೇಶ ವಿನಾಯಿತಿ ಕೊಡಬಾರದು, ಆದರೂ ಅಂತರ ಉಳಿದರೆ, ಕೊಡುವವರ ದೇಶವೇ ಖರ್ಚನ್ನು ನಿರಾಕರಿಸಬೇಕು. ನೆದರ್ಲೆಂಡ್ಸ್ 2016ರಿಂದ ಇಂಥ ವಿನಾಯಿತಿ ನಿಲ್ಲಿಸಿತು; ಆಸ್ಟ್ರೇಲಿಯಾದ ನಿಯಮಗಳು 2019ರಲ್ಲಿ ಬಂದವು.

ಪಡೆಯುವವರು ತೆರಿಗೆಯೇ ಇಲ್ಲದ ಪಿಂಚಣಿ ನಿಧಿಯಾಗಿದ್ದರೆ ಈ ನಿಯಮ ಸಾಮಾನ್ಯವಾಗಿ ತಾಗದು. ಅಲ್ಲಿ ತೆರಿಗೆ ತಪ್ಪುವುದು ಪತ್ರದ ಇಬ್ಬಗೆಯ ಓದಿನಿಂದಲ್ಲ.